ವಾಂತಿಯ ಮಾತ್ರೆಯ ನಂತರ ಮಂಪರು, ಜೊತೆಗೆ ಕೂರಲಾಗದ ಚಡಪಡಿಕೆ: ಪ್ರೊಕ್ಲೋರ್‌ಪೆರಜಿನ್ ಬಗ್ಗೆ

ಪ್ರಶ್ನೆ: ನನ್ನ ತಂಗಿಗೆ 27 ವರ್ಷ. ಮೊನ್ನೆ ಅರ್ಧತಲೆನೋವು ಜೋರಾಗಿ ಬಂದು ವಾಂತಿ ನಿಲ್ಲಲೇ ಇಲ್ಲ. ಇಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಮಾಡಿ, ಪ್ರೊಕ್ಲೋರ್‌ಪೆರಜಿನ್ 5 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆ ಮೂರರಂತೆ ಐದು ದಿನಕ್ಕೆ ಬರೆದುಕೊಟ್ಟರು. ಮೊದಲ ದಿನ ಬರೀ ನಿದ್ದೆ ಮಾಡಿದಳು. ನಿನ್ನೆಯಿಂದ ಕಣ್ಣು ಎಳೆಯುತ್ತಿದ್ದರೂ ಒಂದು ಕಡೆ ಕೂರುವುದಿಲ್ಲ, ಮನೆಯೊಳಗೆ ಅಡ್ಡಾಡುತ್ತಲೇ ಇರುತ್ತಾಳೆ, ಒಳಗೆ ಏನೋ ಕುದಿಯುತ್ತಿದೆ ಎಂದು ಅಳುತ್ತಾಳೆ. ವಾಂತಿಯ ಸಂಕಟವೇ ಇರಬೇಕೆಂದು ನಿನ್ನೆ ರಾತ್ರಿ ಒಂದು ಮಾತ್ರೆ ಹೆಚ್ಚಿಗೆ ಕೊಟ್ಟೆವು, ಅದು ಇನ್ನೂ ಹೆಚ್ಚಾಯಿತು. ಇದು ಮಾತ್ರೆಯಿಂದಲೋ, ಗಾಬರಿಯಿಂದಲೋ? ಇನ್ನೇನಾದರೂ ಆಗಬಹುದೇ? (ಗಂಗಾವತಿ, ಕೊಪ್ಪಳ ಜಿಲ್ಲೆ)

ಉತ್ತರ: ಮುಂದಿನ ಮಾತ್ರೆಯನ್ನು ಕೊಡಬೇಡಿ, ಮತ್ತು ಇಂದೇ ಆ ವೈದ್ಯರನ್ನೋ ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನೋ ಕಂಡು ಈ ಸಂಗತಿಯನ್ನು ಹೇಳಿ. ನೀವು ಬರೆದಿರುವ ಲಕ್ಷಣಗಳು ಗಾಬರಿಗಿಂತ ಹೆಚ್ಚಾಗಿ ಮಾತ್ರೆಯ ಕಡೆಗೇ ಬೆರಳು ತೋರಿಸುತ್ತವೆ. ಎರಡೇ ದಿನ ನುಂಗಿರುವ ವಾಂತಿಯ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವುದರಿಂದ ತೊಂದರೆಯಿಲ್ಲ. ಇದೇ ಔಷಧಿಯನ್ನು ಬೇರೆ ಕಾಯಿಲೆಗಾಗಿ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರು ಮಾತ್ರ ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು.

ನಿಮ್ಮ ತಂಗಿಗೆ ಆಗಿರುವುದಕ್ಕೆ ವೈದ್ಯಕೀಯದಲ್ಲಿ ಅಕಥೀಸಿಯಾ ಎಂಬ ಹೆಸರಿದೆ. ಗ್ರೀಕ್ ಮೂಲದ ಆ ಪದಕ್ಕೆ ‘ಕೂರಲಾಗದಿರುವುದು’ ಎಂದೇ ಅರ್ಥ. ಇದರಲ್ಲಿ ಮನಸ್ಸಿಗಿಂತ ಮೊದಲು ಕಾಲು ಕೇಳುವುದಿಲ್ಲ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿರಬೇಕು ಎನ್ನಿಸುತ್ತದೆ. ನಡೆದಾಗ ಅರೆಗಳಿಗೆ ಹಗುರವಾಗಿ, ನಿಂತ ಕೂಡಲೇ ಮತ್ತೆ ಅದೇ ಸಂಕಟ ಶುರುವಾಗುತ್ತದೆ. ಇದನ್ನು ಅನುಭವಿಸಿದವರು ಹೆಚ್ಚಾಗಿ ನೋವು ಎಂದು ಹೇಳುವುದಿಲ್ಲ; ಒಳಗೆ ಕುದಿಯುತ್ತಿದೆ, ಮೈಯೊಳಗೆ ಇರುವೆ ಹರಿದಂತೆ ಆಗುತ್ತಿದೆ, ಚರ್ಮ ಕಳಚಿ ಎಲ್ಲಾದರೂ ಓಡಿಹೋಗೋಣ ಅನ್ನಿಸುತ್ತಿದೆ ಎಂದು ಹೇಳುತ್ತಾರೆ. ನಿಮ್ಮ ತಂಗಿ ಬಳಸಿದ ಮಾತೂ ಇದೇ ಜಾತಿಯದು, ಆದ್ದರಿಂದಲೇ ನನಗೆ ಅನುಮಾನ ಇಷ್ಟು ಬಲವಾಗಿದೆ.

ಕಣ್ಣು ಎಳೆಯುತ್ತಿರುವಾಗಲೇ ಮೈ ನಿಲ್ಲದಿರುವುದು ಮನೆಯವರಿಗೆ ವಿಚಿತ್ರವಾಗಿ ಕಾಣುತ್ತದೆ. ನಿದ್ದೆ ಬರಿಸುವ ಮಾತ್ರೆ ಚಡಪಡಿಕೆಯನ್ನೂ ತರುವುದು ಹೇಗೆ ಎಂದು ಅನೇಕರು ಕೇಳುತ್ತಾರೆ. ಈ ಎರಡೂ ಒಂದೇ ಔಷಧಿಯ ಎರಡು ಬೇರೆ ಕೆಲಸಗಳು. ನಮ್ಮ ಮಿದುಳಿನ ಕೆಳಭಾಗದಲ್ಲಿ, ರಕ್ತದಲ್ಲಿ ಹರಿಯುವ ಕೆಟ್ಟ ವಸ್ತುಗಳನ್ನು ಗುರುತಿಸಿ ವಾಂತಿಯನ್ನು ಹೊರಡಿಸುವ ಒಂದು ಸಣ್ಣ ತಾಣವಿದೆ. ಆ ತಾಣಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳಲ್ಲಿ ಡೋಪಮೈನ್ ಮುಖ್ಯವಾದುದು. ಪ್ರೊಕ್ಲೋರ್‌ಪೆರಜಿನ್ ಡೋಪಮೈನ್ ಬಂದು ಕೂರುವ ಜಾಗವನ್ನೇ ಮುಚ್ಚುತ್ತದೆ, ವಾಂತಿ ನಿಲ್ಲುತ್ತದೆ. ಆದರೆ ಮೈಯ ಚಲನೆಯನ್ನು ಹದದಲ್ಲಿಡುವ ಮಿದುಳಿನ ಇನ್ನೊಂದು ಭಾಗವೂ ಡೋಪಮೈನನ್ನೇ ನಂಬಿಕೊಂಡಿದೆ, ಮತ್ತು ಔಷಧಿ ಅಲ್ಲಿಗೂ ಹೋಗಿ ಅದೇ ಕೆಲಸ ಮಾಡುತ್ತದೆ. ಕೂರಲಾಗದ ಸಂಕಟ ಹುಟ್ಟುವುದು ಅಲ್ಲಿ. ಮಂಪರು ಮಾತ್ರ ಬೇರೆ ದಾರಿಯಿಂದ ಬರುತ್ತದೆ: ಈ ಔಷಧಿ ಹಿಸ್ಟಮೈನ್ ಎಂಬ, ನಮ್ಮನ್ನು ಎಚ್ಚರವಾಗಿಡುವ ವಸ್ತುವಿನ ಕೆಲಸವನ್ನೂ ತಡೆಯುತ್ತದೆ. ನೆಗಡಿಯ ಕೆಲವು ಹಳೆಯ ಮಾತ್ರೆಗಳು ನಿದ್ದೆ ತರುವುದೂ ಇದೇ ಕಾರಣಕ್ಕೆ. ಹೀಗೆ ಒಂದು ಕಡೆಯಿಂದ ರೆಪ್ಪೆ ಮುಚ್ಚುತ್ತದೆ, ಇನ್ನೊಂದು ಕಡೆಯಿಂದ ಕಾಲು ಎಬ್ಬಿಸುತ್ತದೆ. ಮಂಪರು ಒಂದೆರಡು ದಿನದಲ್ಲಿ ಮೈಗೆ ಒಗ್ಗಿ ಕಡಿಮೆಯಾಗಬಹುದು; ಚಡಪಡಿಕೆ ಹಾಗೆ ಒಗ್ಗುವುದಿಲ್ಲ, ಔಷಧಿ ಮುಂದುವರಿದಷ್ಟೂ ಅದು ಬಿಗಿಯಾಗುತ್ತದೆ.

ನಿಮ್ಮ ಲೆಕ್ಕವನ್ನೇ ಹಿಡಿದು ನೋಡೋಣ. ಮೊದಲ ದಿನ ಒಂದು ಇಂಜೆಕ್ಷನ್, ಅನಂತರ ಬಹುಶಃ ಎರಡು ಮಾತ್ರೆ. ಆ ಇಂಜೆಕ್ಷನ್ ಇದೇ ಔಷಧಿಯದಾಗಿದ್ದರೆ ವಾಡಿಕೆಯ ಒಂದು ಆಂಪೂಲಿನಲ್ಲಿ 12.5 ಮಿ.ಗ್ರಾಂ. ಇರುತ್ತದೆ. ಅಲ್ಲಿಗೆ ಮೊದಲ ದಿನಕ್ಕೆ 22.5 ಆಯಿತು. ಎರಡನೆಯ ದಿನ ಮೂರರ ಬದಲು ನಾಲ್ಕು ಮಾತ್ರೆ, ಅಂದರೆ 20 ಮಿ.ಗ್ರಾಂ. ವಯಸ್ಕರಿಗೆ ಇದು ಮಿತಿ ಮೀರಿದ ಪ್ರಮಾಣವಲ್ಲ. ಆದ್ದರಿಂದ ಒಂದು ಮಾತ್ರೆ ಹೆಚ್ಚಿಗೆ ಕೊಟ್ಟು ವಿಷವೇರಿಸಿಬಿಟ್ಟೆವೇನೋ ಎಂದು ನೀವು ಕೊರಗಬೇಕಾಗಿಲ್ಲ. ಅಕಥೀಸಿಯಾ ಸರಿಯಾದ ಪ್ರಮಾಣದಲ್ಲಿಯೇ, ಕೆಲವೊಮ್ಮೆ ಒಂದೇ ಇಂಜೆಕ್ಷನ್ನಿನ ನಂತರ ಗಂಟೆಯೊಳಗೇ ಬರುತ್ತದೆ. ಆದರೆ ಆ ನಾಲ್ಕನೆಯ ಮಾತ್ರೆ ನನಗೆ ಒಂದು ಸಾಕ್ಷಿಯನ್ನು ಒದಗಿಸಿದೆ. ಕೊಟ್ಟ ಮೇಲೆ ಸಂಕಟ ಇಳಿಯುವ ಬದಲು ಏರಿತು ಎಂದು ನೀವೇ ಬರೆದಿದ್ದೀರಿ. ವಾಂತಿಯ ಸಂಕಟವಾಗಿದ್ದರೆ ವಾಂತಿಯ ಮಾತ್ರೆಗೆ ಅದು ತಗ್ಗಬೇಕಿತ್ತು. ನಾನು ಈ ಭಾಗದಲ್ಲಿ ಅತಿ ಹೆಚ್ಚು ಕಂಡಿರುವ ತಪ್ಪು ಇದೇ: ಮಾತ್ರೆ ತಂದ ಚಡಪಡಿಕೆಯನ್ನು ರೋಗದ್ದೆಂದು ತಿಳಿದು ಅದೇ ಮಾತ್ರೆಯನ್ನು ಮತ್ತೆ ಕೊಡುವುದು, ಅಥವಾ ಗಾಬರಿ ಎಂದು ತಿಳಿದು ಬೈದು ಮಲಗಿಸುವುದು.

ಇನ್ನೊಂದು ವಿಷಯವನ್ನು ಕ್ಲಿನಿಕ್ಕಿನಲ್ಲಿ ಕೇಳಿ ತಿಳಿದುಕೊಳ್ಳಿ. ಮೊದಲ ದಿನದ ಇಂಜೆಕ್ಷನ್ ಯಾವುದು? ಅದು ಮೆಟೊಕ್ಲೊಪ್ರಮೈಡ್ ಆಗಿದ್ದರೆ ಕತೆ ಸ್ವಲ್ಪ ಬದಲಾಗುತ್ತದೆ. ಅದೂ ವಾಂತಿಗೇ ಕೊಡುವ, ಡೋಪಮೈನಿನ ಜಾಗವನ್ನೇ ಮುಚ್ಚುವ ಔಷಧಿ. ಎರಡನ್ನೂ ಒಟ್ಟಿಗೆ ಕೊಟ್ಟರೆ ವಾಂತಿಗೆ ಎರಡರಷ್ಟು ಪ್ರಯೋಜನ ಸಿಗುವುದಿಲ್ಲ, ಚಲನೆಯ ತೊಂದರೆಯ ಅಪಾಯ ಮಾತ್ರ ಒಂದರ ಮೇಲೊಂದು ಕೂಡಿಕೊಳ್ಳುತ್ತದೆ. ಹಾಗೆಯೇ ಗ್ಯಾಸ್ಟ್ರಿಕ್ ಎಂದು ನಿಮ್ಮ ತಂಗಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಕ್ಯಾಪ್ಸೂಲ್ ಏನಾದರೂ ಇದ್ದರೆ ಅದರ ಪಟ್ಟಿಯ ಹಿಂಬದಿಯನ್ನು ಓದಿ. ಆಮ್ಲ ತಗ್ಗಿಸುವ ಔಷಧಿಯ ಜೊತೆ ಲೆವೊಸಲ್ಪಿರೈಡ್ ಎಂಬುದನ್ನು ಸೇರಿಸಿದ ಕ್ಯಾಪ್ಸೂಲ್‌ಗಳು ನಮ್ಮಲ್ಲಿ ಬಹಳ ಬಳಕೆಯಲ್ಲಿವೆ, ಮತ್ತು ಲೆವೊಸಲ್ಪಿರೈಡ್ ಕೂಡ ಇದೇ ಗುಂಪಿನ ಕೆಲಸ ಮಾಡುತ್ತದೆ. ಮನೆಯಲ್ಲಿರುವ ಎಲ್ಲ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ಯುವುದು ಇದಕ್ಕಾಗಿಯೇ ಒಳ್ಳೆಯದು.

ಗಾಬರಿಗೂ ಅಕಥೀಸಿಯಾಕ್ಕೂ ಇರುವ ವ್ಯತ್ಯಾಸವನ್ನು ಮನೆಯಲ್ಲಿಯೇ ಸಾಕಷ್ಟು ಮಟ್ಟಿಗೆ ಗುರುತಿಸಬಹುದು. ತಂಗಿಯನ್ನು ಕುರ್ಚಿಯ ಮೇಲೆ ಕೂರಿಸಿ, ಕೈಗಳನ್ನು ಮೊಣಕಾಲಿನ ಮೇಲೆ ಇಡಿಸಿ, ಮಾಮೂಲಿ ಮಾತನಾಡುತ್ತಾ ಎರಡು ನಿಮಿಷ ಅವರ ಪಾದಗಳನ್ನು ನೋಡಿ. ಆಮೇಲೆ ಇನ್ನೆರಡು ನಿಮಿಷ ನಿಲ್ಲಿಸಿ ನೋಡಿ. ನಾವು ವೈದ್ಯರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಅಕಥೀಸಿಯಾ ಇರುವವರು ಕೂತಾಗ ಪಾದ ಕುಣಿಸುತ್ತಾರೆ, ಕಾಲಿನ ಮೇಲೆ ಕಾಲು ಹಾಕಿ ಕೂಡಲೇ ತೆಗೆಯುತ್ತಾರೆ, ನಿಂತಾಗ ಇದ್ದಲ್ಲೇ ಹೆಜ್ಜೆ ಹಾಕುತ್ತಾರೆ. ಅವರನ್ನು ‘ಏನನ್ನು ನೆನೆದು ಹೆದರುತ್ತಿದ್ದೀಯ’ ಎಂದು ಕೇಳಿದರೆ ಉತ್ತರವಿರುವುದಿಲ್ಲ, ‘ಕಾಲು ಸುಮ್ಮನಿರಲು ಬಿಡುತ್ತಿಲ್ಲವಾ’ ಎಂದು ಕೇಳಿದರೆ ತಟ್ಟನೆ ಹೌದು ಎನ್ನುತ್ತಾರೆ. ಗಾಬರಿಯಾದವರಲ್ಲಿ ಇದು ತಿರುವುಮುರುವು: ಎದೆ ಹೊಡೆದುಕೊಳ್ಳುವುದು, ಉಸಿರು ಸಾಲದಂತಾಗುವುದು, ಏನೋ ಆಗಿಬಿಡುತ್ತದೆ ಎಂಬ ಭಯ ಮುಂದಿರುತ್ತವೆ, ಕಾಲಿನ ಒತ್ತಡ ಹಿಂದಿರುತ್ತದೆ. ಎಲ್ಲಕ್ಕಿಂತ ದೊಡ್ಡ ಸುಳಿವು ಗಡಿಯಾರದಲ್ಲಿದೆ. ಪ್ರತಿ ಮಾತ್ರೆ ನುಂಗಿದ ಹೊತ್ತು, ಚಡಪಡಿಕೆ ಏರಿದ ಹೊತ್ತು, ಇಳಿದ ಹೊತ್ತು, ಈ ಮೂರನ್ನೂ ಮಾತ್ರೆ ಬರೆದ ಚೀಟಿಯ ಹಿಂಬದಿಯಲ್ಲೇ ಗುರುತು ಹಾಕಿ. ಪ್ರತಿ ಮಾತ್ರೆಯ ನಂತರ ಒಂದೆರಡು ಗಂಟೆಯಲ್ಲಿ ಏರಿ, ಮುಂದಿನ ಮಾತ್ರೆಯ ಹೊತ್ತಿಗೆ ತುಸು ಇಳಿಯುತ್ತಿದ್ದರೆ ವೈದ್ಯರಿಗೆ ಆ ಚೀಟಿಯೇ ಅರ್ಧ ರೋಗನಿರ್ಣಯವನ್ನು ಮಾಡಿಕೊಡುತ್ತದೆ.

ಇದಕ್ಕೆ ಮೊದಲ ಚಿಕಿತ್ಸೆ ಔಷಧಿಯನ್ನು ನಿಲ್ಲಿಸುವುದು. ನಿಮ್ಮ ತಂಗಿಯಂತೆ ಅಲ್ಪ ಕಾಲ ತೆಗೆದುಕೊಂಡವರಲ್ಲಿ ಔಷಧಿ ಮೈಯಿಂದ ಇಳಿದಂತೆ ಒಂದೆರಡು ದಿನಗಳಲ್ಲಿ ಚಡಪಡಿಕೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಆದರೆ ಆ ಒಂದೆರಡು ದಿನ ಅನುಭವಿಸುವವರಿಗೆ ಬಹಳ ಉದ್ದವಾಗಿರುತ್ತವೆ. ಅದನ್ನು ಸಹಿಸಿಕೊಳ್ಳಲಿ ಎಂದು ಬಿಡಬೇಕಾಗಿಲ್ಲ. ಹೃದಯಬಡಿತ ತಗ್ಗಿಸಲು ಮತ್ತು ಅರ್ಧತಲೆನೋವು ತಡೆಯಲು ಬಳಸುವ ಪ್ರೊಪ್ರನೊಲಾಲ್ ಎಂಬ ಮಾತ್ರೆ ಕಡಿಮೆ ಪ್ರಮಾಣದಲ್ಲಿ ಈ ಸಂಕಟವನ್ನೂ ತಗ್ಗಿಸುತ್ತದೆ. ಉಬ್ಬಸ ಇರುವವರಿಗೆ ಅದು ಸಲ್ಲದು, ಆದ್ದರಿಂದ ಆ ಇತಿಹಾಸವಿದ್ದರೆ ಕೇಳುವ ಮೊದಲೇ ಹೇಳಿ. ಕೆಲವರಿಗೆ ವೈದ್ಯರು ಒಂದೆರಡು ರಾತ್ರಿಗೆ ಮಾತ್ರ ಶಾಂತಗೊಳಿಸುವ ಮಾತ್ರೆಯನ್ನು ಕೊಡುತ್ತಾರೆ. ಇವುಗಳಲ್ಲಿ ಯಾವುದನ್ನೂ ಅಂಗಡಿಯಿಂದ ನೀವೇ ಕೇಳಿ ತರಬೇಡಿ, ಏಕೆಂದರೆ ಈಗಾಗಲೇ ಮಂಪರಿನಲ್ಲಿರುವವರಿಗೆ ಇನ್ನೊಂದು ಮಂಪರಿನ ಔಷಧಿಯನ್ನು ಎಷ್ಟು ಕೊಡಬೇಕೆಂಬುದನ್ನು ರಕ್ತದೊತ್ತಡ ನೋಡಿಯೇ ನಿರ್ಧರಿಸಬೇಕಾಗುತ್ತದೆ. ಅಷ್ಟು ಹೊತ್ತು ತಂಗಿಯನ್ನು ಒಂಟಿಯಾಗಿ ಬಿಡಬೇಡಿ. ತೀವ್ರವಾದ ಅಕಥೀಸಿಯಾದಲ್ಲಿ, ಹಿಂದೆಂದೂ ಅಂಥ ಯೋಚನೆ ಬಾರದವರಿಗೂ ಸಾಯುವುದೇ ಮೇಲು ಎನ್ನಿಸಿಬಿಡುವುದುಂಟು. ಆ ಮಾತು ಅವರ ಬಾಯಿಂದ ಬಂದರೆ ಸಂಜೆಯವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಡೆಯಬೇಕು ಎಂದರೆ ನಡೆಯಲು ಬಿಡಿ, ಜೊತೆಗೆ ನೀವೂ ನಡೆಯಿರಿ. ಹಿಡಿದು ಕೂರಿಸಿದರೆ ಸಂಕಟ ಹೆಚ್ಚುತ್ತದೆ.

ವಾಂತಿ ಮತ್ತೆ ಶುರುವಾದರೆ ಏನು ಮಾಡುವುದು ಎಂಬ ಚಿಂತೆ ನಿಮಗೆ ಇದ್ದೇ ಇರುತ್ತದೆ. ಒಂಡಾನ್‌ಸೆಟ್ರಾನ್ ಎಂಬ ಮಾತ್ರೆ ಡೋಪಮೈನಿನ ಗೊಡವೆಗೆ ಹೋಗದೆ ಬೇರೆ ದಾರಿಯಿಂದ ವಾಂತಿಯನ್ನು ತಡೆಯುತ್ತದೆ. ಅದರಿಂದ ಮಲಬದ್ಧತೆ, ಕೆಲವರಿಗೆ ತಲೆನೋವು ಬರಬಹುದು, ಆದರೆ ಈ ಚಡಪಡಿಕೆಯ ಕಾಟ ಇರುವುದಿಲ್ಲ. ಡೊಂಪೆರಿಡೋನ್ ಡೋಪಮೈನನ್ನು ತಡೆದರೂ ಮಿದುಳಿನೊಳಕ್ಕೆ ಬಹಳ ಕಡಿಮೆ ಇಳಿಯುತ್ತದೆ. ಹೃದಯದ ಲಯದ ತೊಂದರೆ ಇರುವವರಿಗೆ ಈ ಎರಡನ್ನೂ ವಿಚಾರಿಸಿಯೇ ಕೊಡಬೇಕು. ತಂಗಿ ಗರ್ಭಿಣಿ ಇರಬಹುದೆಂಬ ಸಾಧ್ಯತೆ ಇದ್ದರೆ ಅದನ್ನೂ ಈಗಲೇ ಹೇಳಿ. ವಾಂತಿಗೆ ಅದೇ ಕಾರಣವಾಗಿದ್ದರೂ ಇರಬಹುದು.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಈ ಔಷಧಿಯಿಂದ ಆಗಬಹುದಾದ ಚಲನೆಯ ಇತರ ತೊಂದರೆಗಳಲ್ಲಿ ಎಳೆಯ ವಯಸ್ಸಿನವರ ಮನೆಯವರು ತಪ್ಪದೆ ತಿಳಿದಿರಬೇಕಾದುದು ಡಿಸ್ಟೋನಿಯಾ, ಅಂದರೆ ಸ್ನಾಯುಗಳು ತಾವಾಗಿಯೇ ತಿರುಚಿಕೊಂಡು ನಿಲ್ಲುವುದು. ಅಕಥೀಸಿಯಾ ಬಂದವರಿಗೆ ಇದು ಬಂದೇ ಬರುತ್ತದೆಂದೇನೂ ಇಲ್ಲ. ಬರುವುದಾದರೆ ಹೆಚ್ಚಿನವರಲ್ಲಿ ಮೊದಲ ಎರಡು ದಿನಗಳೊಳಗೆ, ಬಹುತೇಕ ಎಲ್ಲರಲ್ಲಿಯೂ ಐದು ದಿನಗಳೊಳಗೆ ಬರುತ್ತದೆ. ಮಕ್ಕಳಲ್ಲಿ ಮತ್ತು ಹದಿಹರೆಯದ, ಇಪ್ಪತ್ತರ ಆಸುಪಾಸಿನವರಲ್ಲಿ, ಅದರಲ್ಲೂ ಗಂಡುಹುಡುಗರಲ್ಲಿ ಹೆಚ್ಚು. ವಾಂತಿಭೇದಿಯಿಂದ ಮೈಯ ನೀರು ಆರಿದ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ನಮ್ಮೂರುಗಳಲ್ಲಿ ಮಕ್ಕಳಿಗೆ ವಾಂತಿ ಶುರುವಾದಾಗ ದೊಡ್ಡವರ ಪಟ್ಟಿಯಿಂದ ಅರ್ಧ ಮಾತ್ರೆ ಮುರಿದು ಕೊಡುವ ಅಭ್ಯಾಸವನ್ನು ನಾನು ಕಂಡಿದ್ದೇನೆ. ಅದನ್ನು ದಯವಿಟ್ಟು ಮಾಡಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗಂತೂ ಇದನ್ನು ಕೊಡಲೇಬಾರದು.

ನಾನು ಬಳ್ಳಾರಿಯಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಸಿರುಗುಪ್ಪದ ಕಡೆಯ ಒಂದು ಹಳ್ಳಿಯಿಂದ ಹದಿನೇಳು ವರ್ಷದ ಹುಡುಗನನ್ನು ರಾತ್ರಿ ಒಂಬತ್ತರ ಸುಮಾರಿಗೆ ಟಂಟಂನಲ್ಲಿ ಕರೆತಂದರು. ಕತ್ತು ಎಡಕ್ಕೆ ತಿರುಗಿ ಗದ್ದ ಭುಜಕ್ಕೆ ತಾಗಿತ್ತು. ಕಣ್ಣಾಲಿಗಳು ಮೇಲಕ್ಕೆ ಸಿಕ್ಕಿಕೊಂಡು ಬಿಳಿಭಾಗ ಮಾತ್ರ ಕಾಣುತ್ತಿತ್ತು. ದವಡೆ ಓರೆಯಾಗಿ ನಾಲಿಗೆ ಹೊರಚಾಚಿದ್ದರಿಂದ ಜೊಲ್ಲು ಸುರಿದು ಅಂಗಿಯ ಎದೆ ತೊಯ್ದಿತ್ತು. ಸಂಜೆಯಿಂದ ಊರಿನಲ್ಲಿ ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ನಿವಾಳಿಸಿ, ಆಮೇಲೆ ಮೂರ್ಛೆರೋಗವೆಂದು ಕೈಗೆ ಕಬ್ಬಿಣ ಹಿಡಿಸಿ, ಕೊನೆಗೆ ಯಾರೋ ಧನುರ್ವಾಯು ಇರಬಹುದು ಎಂದ ಮೇಲೆ ಹೊರಟಿದ್ದರು. ನಾನು ಹುಡುಗನ ಕೈ ಹಿಡಿದು, ನನ್ನ ಮಾತು ಕೇಳಿಸುತ್ತಿದ್ದರೆ ಬೆರಳು ಒತ್ತು ಎಂದೆ. ಎರಡು ಸಲ ಒತ್ತಿದ. ರೋಗನಿರ್ಣಯ ಮುಕ್ಕಾಲು ಪಾಲು ಅಲ್ಲಿಯೇ ಆಯಿತು: ಮೈಯೆಲ್ಲ ಜಗ್ಗುವ ಮೂರ್ಛೆಯಲ್ಲಿ ಪ್ರಜ್ಞೆ ಇರುವುದಿಲ್ಲ, ಡಿಸ್ಟೋನಿಯಾದಲ್ಲಿ ಪೂರ್ತಿ ಎಚ್ಚರವಿರುತ್ತದೆ. ಧನುರ್ವಾಯು ಹೀಗೆ ಒಂದು ಮಧ್ಯಾಹ್ನದಲ್ಲಿ ಬಂದು ನಿಲ್ಲುವುದಿಲ್ಲ. ದವಡೆ ಕಚ್ಚಿಕೊಳ್ಳುವುದರಿಂದ ಶುರುವಾಗಿ ದಿನಗಳಲ್ಲಿ ಹಬ್ಬುತ್ತದೆ, ಅದರಲ್ಲಿ ಬಾಯಿ ಮುಚ್ಚಿ ಬಿಗಿಯುತ್ತದೆಯೇ ಹೊರತು ನಾಲಿಗೆ ಹೊರಬರುವುದಿಲ್ಲ. ಹಿಂದಿನ ದಿನ ವಾಂತಿಗೆ ಏನು ಕೊಟ್ಟಿರಿ ಎಂದು ಕೇಳಿದಾಗ ತಾಯಿ ಸೆರಗಿನ ಗಂಟಿನಿಂದ ಇದೇ ಮಾತ್ರೆಯ ಪಟ್ಟಿಯನ್ನು ಬಿಚ್ಚಿ ತೋರಿಸಿದರು. ಅದರಲ್ಲಿ ನಾಲ್ಕು ಖಾಲಿಯಾಗಿದ್ದವು.

ಪ್ರೊಮೆಥಜೀನ್ ಇಂಜೆಕ್ಷನ್ ಕೊಟ್ಟು ಇಪ್ಪತ್ತು ನಿಮಿಷದಲ್ಲಿ ಕತ್ತು ನೇರವಾಯಿತು. ಹುಡುಗ ಮೊದಲು ಕೇಳಿದ್ದು ನೀರು. ಕುಟುಂಬದವರು ಅಷ್ಟಕ್ಕೆ ಹೊರಡಲು ಸಿದ್ಧರಾದರು. ಇಲ್ಲಿಯೇ ಎಚ್ಚರ ಬೇಕು. ಡಿಸ್ಟೋನಿಯಾವನ್ನು ಬಿಡಿಸುವ ಇಂಜೆಕ್ಷನ್ನಿನ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ, ಆದರೆ ಅದನ್ನು ತಂದ ಔಷಧಿ ಇನ್ನೂ ಮೈಯಲ್ಲಿರುತ್ತದೆ, ಹಾಗಾಗಿ ಮಧ್ಯರಾತ್ರಿ ಮತ್ತೆ ತಿರುಚಿಕೊಳ್ಳುವುದುಂಟು. ಅದನ್ನು ತಡೆಯಲು ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ. ಮಾತ್ರೆಯಂಥದ್ದನ್ನು ಎರಡು ಮೂರು ದಿನ ಮುಂದುವರಿಸುತ್ತೇವೆ. ಓದುಗರು ಕೆಲವರು ಈ ಮಾತ್ರೆಯ ಹೆಸರು ಕೇಳಿ ಅಕಥೀಸಿಯಾಕ್ಕೂ ಅದನ್ನೇ ಕೊಡಬಹುದಲ್ಲ ಎನ್ನಬಹುದು. ತಿರುಚುವಿಕೆಗೆ ಅದು ಸೊಗಸಾಗಿ ಕೆಲಸ ಮಾಡುತ್ತದೆ, ಕೂರಲಾಗದ ಚಡಪಡಿಕೆಗೆ ಅದರ ಮೇಲೆ ಅಷ್ಟು ಭರವಸೆ ಇಡಲಾಗುವುದಿಲ್ಲ. ಎರಡೂ ಒಂದೇ ಮಾತ್ರೆಯಿಂದ ಹುಟ್ಟಿದರೂ ಒಂದರ ಮದ್ದು ಇನ್ನೊಂದಕ್ಕೆ ಹಾಗೆಯೇ ಹೊಂದುವುದಿಲ್ಲ.

ನಿಮ್ಮ ತಂಗಿಯಲ್ಲಿ ಮುಂದಿನ ಎರಡು ಮೂರು ದಿನ ನೀವು ಗಮನಿಸಬೇಕಾದುದು ಇದನ್ನೇ: ಕತ್ತು ಹಿಡಿದಂತಾಗಿ ಒಂದು ಕಡೆಗೆ ಎಳೆಯುವುದು, ದವಡೆ ಬಿಗಿಯುವುದು, ನಾಲಿಗೆ ದಪ್ಪವಾದಂತಾಗಿ ಮಾತು ತೊದಲುವುದು, ಕಣ್ಣು ಮೇಲಕ್ಕೆ ಹೋಗಿ ಕೆಳಗಿಳಿಸಲಾಗದಿರುವುದು. ಮೊದಮೊದಲು ಇದು ಬಂದು ಬಂದು ಹೋಗಬಹುದು, ಆದ್ದರಿಂದ ಒಮ್ಮೆ ಸರಿಹೋಯಿತೆಂದು ಸುಮ್ಮನಾಗಬೇಡಿ. ಗಂಟಲಿನ ಸ್ನಾಯುಗಳು ಹೀಗೆ ಹಿಡಿದುಕೊಂಡು ಉಸಿರೆಳೆಯುವಾಗ ಗೊರಗೊರ ಸದ್ದು ಬಂದರೆ, ಅಥವಾ ಉಗುಳು ನುಂಗಲೂ ಆಗದಿದ್ದರೆ, ಕಾರಿಗಾಗಿ ಅವರಿವರನ್ನು ಕೇಳುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಇನ್ನು ಜ್ವರದ ವಿಷಯ. ಬಹಳ ಅಪರೂಪಕ್ಕೆ ಈ ಗುಂಪಿನ ಔಷಧಿಗಳಿಂದ ಮೈ ಕಟ್ಟಿಗೆಯಂತೆ ಸೆಟೆದು, ಜ್ವರ ವಿಪರೀತ ಏರಿ, ಬೆವರು ಕಿತ್ತುಬಂದು, ಮಾತು ದಿಕ್ಕುತಪ್ಪುವ ಸ್ಥಿತಿ ಉಂಟಾಗುತ್ತದೆ. ಇದು ಪ್ರಾಣಾಪಾಯದ ಸ್ಥಿತಿ, ದೊಡ್ಡಾಸ್ಪತ್ರೆಯಲ್ಲಿಯೇ ನೋಡಬೇಕಾದುದು. ರಾಯಚೂರು, ಬಳ್ಳಾರಿ, ಕೊಪ್ಪಳದವರಿಗೆ ಇದರಲ್ಲಿ ಇನ್ನೊಂದು ಗೊಂದಲವಿದೆ. ಈ ಔಷಧಿ ಮೈಯ ಶಾಖವನ್ನು ಹೊರಹಾಕುವ ವ್ಯವಸ್ಥೆಯನ್ನೇ ಕೆಡಿಸಬಲ್ಲದು, ಹಾಗಾಗಿ 40 ಡಿಗ್ರಿ ದಾಟಿದ ಏಪ್ರಿಲ್, ಮೇ ಬಿಸಿಲಿನಲ್ಲಿ ಇದನ್ನು ನುಂಗಿ ಗದ್ದೆಗೋ ಕಟ್ಟಡದ ಕೆಲಸಕ್ಕೋ ಹೋದವರಿಗೆ ಬಿಸಿಲಾಘಾತ ಬೇಗ ತಗಲುತ್ತದೆ. ಕೆಂಡದಂಥ ಜ್ವರ ಮತ್ತು ಬುದ್ಧಿ ಮಂಕಾಗುವುದು ಕಂಡಾಗ ಕಾರಣ ಎರಡರಲ್ಲಿ ಯಾವುದೆಂದು ಮನೆಯಲ್ಲಿ ನಿರ್ಧರಿಸಲು ಹೋಗಬೇಡಿ. ಮೈಯನ್ನು ಒದ್ದೆ ಬಟ್ಟೆಯಿಂದ ತಣಿಸುತ್ತಲೇ ಕರೆದುಕೊಂಡು ಹೊರಡಿ, ಮತ್ತು ಈ ಮಾತ್ರೆ ತೆಗೆದುಕೊಂಡಿದ್ದಾರೆಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ನಿಮ್ಮ ತಂಗಿಗೆ ಜ್ವರವೂ ಕತ್ತು ಬಗ್ಗಿಸಲಾಗದ ನೋವೂ ಇದ್ದರೆ ಅದು ಮಿದುಳುಪೊರೆಯ ಸೋಂಕಿರಬಹುದು. ಹಾಗಿದ್ದಲ್ಲಿ ನಾನು ಇಲ್ಲಿ ಬರೆದಿರುವ ಯಾವುದನ್ನೂ ಲೆಕ್ಕಕ್ಕಿಡದೆ ತುರ್ತಾಗಿ ತೋರಿಸಿ.

ಮಂಪರಿನ ಬಗ್ಗೆ ಎರಡು ಮಾತು. ಮೊದಲ ದಿನದ ನಿದ್ದೆ ಔಷಧಿಯ ನಿರೀಕ್ಷಿತ ಪರಿಣಾಮವೇ. ಕರೆದರೆ ಕಣ್ಣು ಬಿಟ್ಟು ಸರಿಯಾಗಿ ಉತ್ತರ ಕೊಟ್ಟು ಮತ್ತೆ ಮಲಗುವವರ ಬಗ್ಗೆ ಹೆದರಬೇಕಾಗಿಲ್ಲ. ಅಲುಗಾಡಿಸಿದರೂ ಏಳದವರ ಬಗ್ಗೆ ಹೆದರಬೇಕು. ಈ ಔಷಧಿ ರಕ್ತದೊತ್ತಡವನ್ನೂ ತಗ್ಗಿಸುವುದರಿಂದ, ವಾಂತಿಯಿಂದ ನೀರಾರಿದವರು ಹಾಸಿಗೆಯಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲಾಗಿ ಬೀಳುತ್ತಾರೆ. ಒಂದು ನಿಮಿಷ ಹಾಸಿಗೆಯಂಚಿನಲ್ಲಿ ಕೂತು ಏಳಬೇಕು, ಓ.ಆರ್.ಎಸ್. ನೀರನ್ನು ಚಮಚ ಚಮಚವಾಗಿ ಕುಡಿಯುತ್ತಿರಬೇಕು. ಚಡಪಡಿಕೆ ಮತ್ತು ಮಂಪರು ಪೂರ್ತಿ ಹೋಗುವವರೆಗೆ ಸ್ಕೂಟಿ ಓಡಿಸಬಾರದು.

ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಮಾತ್ರೆಗಳನ್ನೂ ಒಮ್ಮೆ ನೋಡಿ ಎನ್ನುತ್ತೇನೆ, ಏಕೆಂದರೆ ಈ ಔಷಧಿಯ ನಿಧಾನವಾದ ಹಾನಿ ಕಾಣುವುದು ಅವರಲ್ಲಿ. ತಲೆಸುತ್ತಿಗೆಂದು ಒಮ್ಮೆ ಬರೆದ ಹತ್ತು ದಿನದ ಚೀಟಿಯನ್ನೇ ಹಿಡಿದು ಔಷಧಿ ಅಂಗಡಿಯಿಂದ ವರ್ಷಗಟ್ಟಲೆ ತರಿಸಿಕೊಳ್ಳುವವರಿದ್ದಾರೆ. ಕೆಲವು ವಾರ ಅಥವಾ ತಿಂಗಳು ಕಳೆದ ಮೇಲೆ ಅವರ ಹೆಜ್ಜೆ ಚಿಕ್ಕದಾಗುತ್ತದೆ, ಚಪ್ಪಲಿ ನೆಲಕ್ಕೆ ಸವರುತ್ತದೆ, ಮುಖದಲ್ಲಿ ಭಾವ ಕಡಿಮೆಯಾಗುತ್ತದೆ, ರೊಟ್ಟಿ ಮುರಿಯುವ ಕೈ ನಡುಗುತ್ತದೆ. ಇದು ಪಾರ್ಕಿನ್ಸನ್ ಕಾಯಿಲೆಯನ್ನೇ ಹೋಲುತ್ತದೆ, ಮತ್ತು ಅದಕ್ಕೆಂದೇ ಇನ್ನೊಂದು ಮಾತ್ರೆ ಸೇರಿಕೊಳ್ಳುತ್ತದೆ. ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗಿದ್ದ ಇಂಥ ಹಿರಿಯರಲ್ಲಿ, ಔಷಧಿಯನ್ನು ಗುರುತಿಸಿ ವೈದ್ಯರ ಕಣ್ಗಾವಲಿನಲ್ಲಿ ನಿಲ್ಲಿಸಿದಾಗ ಕೆಲವು ವಾರಗಳಿಂದ ತಿಂಗಳುಗಳಲ್ಲಿ ನಡಿಗೆ ಮರಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ದೀರ್ಘಕಾಲ ಬಳಸಿದವರಲ್ಲಿ ಕಾಣುವ ಇನ್ನೊಂದು ತೊಂದರೆ ಅಷ್ಟು ಸುಲಭವಾಗಿ ಮರಳುವುದಿಲ್ಲ: ಬಾಯಲ್ಲಿ ಏನೂ ಇಲ್ಲದೆಯೇ ಎಲೆ ಅಡಿಕೆ ಜಗಿಯುವಂತೆ ದವಡೆ ಆಡುವುದು, ತುಟಿ ಚಪ್ಪರಿಸುವುದು, ನಾಲಿಗೆ ಹೊರಗೆ ಬಂದು ಬಂದು ಹೋಗುವುದು. ಟಾರ್ಡಿವ್ ಡಿಸ್ಕೈನೀಸಿಯಾ ಎಂಬ ಈ ಚಲನೆ ಔಷಧಿ ನಿಲ್ಲಿಸಿದ ಮೇಲೂ ಉಳಿದುಬಿಡಬಹುದು. ಎರಡು ದಿನ ಮಾತ್ರೆ ನುಂಗಿದ ನಿಮ್ಮ ತಂಗಿಗೆ ಈ ಎರಡರ ಚಿಂತೆ ಬೇಡ.

ಪ್ರೊಕ್ಲೋರ್‌ಪೆರಜಿನ್ ಕೆಟ್ಟ ಔಷಧಿ ಎಂದು ನಾನು ಹೇಳುತ್ತಿಲ್ಲ. ಅರ್ಧತಲೆನೋವಿನ ವಾಂತಿಗೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ತಲೆನೋವನ್ನೂ ತಗ್ಗಿಸುತ್ತದೆ, ಮತ್ತು ನಿಮ್ಮ ವೈದ್ಯರು ಅದನ್ನು ಬರೆದದ್ದರಲ್ಲಿ ತಪ್ಪಿಲ್ಲ. ಬರೆಯುವಾಗ ‘ಕೂರಲಾಗದಂತೆ ಚಡಪಡಿಕೆಯಾದರೆ ನಿಲ್ಲಿಸಿ ನನಗೆ ಹೇಳಿ’ ಎಂಬ ಒಂದು ವಾಕ್ಯವನ್ನು ಸೇರಿಸಬೇಕಿತ್ತು, ನನ್ನ ತಕರಾರು ಅಷ್ಟೇ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಇದನ್ನು ಮಾನಸಿಕ ಕಾಯಿಲೆಗೂ ಕೊಡುತ್ತಾರೆಂದು ನಿಮಗೆ ಕಾಣುತ್ತದೆ. ಅದು ನಿಜ, ಆದರೆ ನಿಮ್ಮ ತಂಗಿಗೆ ಕೊಟ್ಟದ್ದು ವಾಂತಿಗಾಗಿಯೇ, ಆ ಬಗ್ಗೆ ಬೇರೆ ಅರ್ಥ ಕಲ್ಪಿಸಬೇಡಿ.

ಇಂಥ ಅಡ್ಡಪರಿಣಾಮವನ್ನು ರೋಗಿಯ ಕಡೆಯವರೇ ಸರ್ಕಾರದ ಔಷಧಿ ಸುರಕ್ಷತಾ ಕಾರ್ಯಕ್ರಮದ 1800-180-3024 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ವರದಿ ಮಾಡಬಹುದು. ಮುಂದಿನ ಸಲ ಅರ್ಧತಲೆನೋವು ಬಂದಾಗ ನೀವು ಬೇರೆ ಊರಿನಲ್ಲಿರಬಹುದು, ಬೇರೆ ವೈದ್ಯರು ಇರಬಹುದು. ಆದ್ದರಿಂದ ತಂಗಿ ಸದಾ ಇಟ್ಟುಕೊಳ್ಳುವ ಪರ್ಸಿನಲ್ಲಿ ಒಂದು ಚೀಟಿ ಇರಲಿ: ಔಷಧಿಯ ಹೆಸರು ಪ್ರೊಕ್ಲೋರ್‌ಪೆರಜಿನ್, ತೆಗೆದುಕೊಂಡ ತಾರೀಖು, ಎರಡನೆಯ ದಿನ ಕೂರಲಾಗದ ಚಡಪಡಿಕೆ, ವೈದ್ಯರು ಖಚಿತಪಡಿಸಿದರೆ ಅಕಥೀಸಿಯಾ ಎಂಬ ಪದ. ಅದರ ಕೆಳಗೆ ಮೆಟೊಕ್ಲೊಪ್ರಮೈಡ್ ಕೊಡುವಾಗಲೂ ಎಚ್ಚರ ಎಂದು ಸೇರಿಸಿ, ಮತ್ತು ಆ ಚೀಟಿಯ ಒಂದು ಫೋಟೊವನ್ನು ನಿಮ್ಮ ಮೊಬೈಲಿನಲ್ಲೂ ಇಟ್ಟುಕೊಳ್ಳಿ.